ಬಟಾಟೆಯ ಹಗ್ಗ

ಔರಂಗಾಬಾದ್, ಸೆಂಟ್ರಲ್ ಬಸ್ ಸ್ಟ್ಯಾಂಡ್
ಶನಿವಾರ, ೧೭ ಜನವರಿ ೨೦೧೫, ಮಧ್ಯಾಹ್ನ

ಪ್ರೀತಿಯ ನಾಗಮ್ಮ ವೈನಿ,

ನಿಮ್ಮ ಮತ್ತು ಅಣ್ಣನ ಖಾನಾವಳಿಯಿಂದ ಹತ್ತು ನಿಮಿಷದ ದೂರದಲ್ಲಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ನಾಶಿಕದಿಂದ ಬಂದೆ. ನಿಮ್ಮ ಬಾಗಿಲವರೆಗೂ ಬಂದು ತಿರುಗಿ ಹೋದೆ. ಫೋನಿನಲ್ಲಿ ಹೇಳೋಣವೆಂದರೆ ಒಂದೂವರೆ ತಿಂಗಳಿಂದ ನಿಮ್ಮ ಫೋನು ಬಂದ್ ಇದೆ. ರೊಟ್ಟಿ ಬಡಿಯುವ ಗೋದಾವರಿ ಬಾಯಿ ಮೂರು ಗಂಟೆಗೆ ಈ ದಾರಿಯಲ್ಲೇ ಕೆಲಸಕ್ಕೆ ಬರುತ್ತಾಳೆ. ಅವಳ ಕೈಗೆ ಕೊಟ್ಟು ಕಳಿಸುತ್ತೇನೆ. ಮೊದಲು ನೀವೊಬ್ಬರೇ ಓದಿರಿ. ಅಣ್ಣನಿಗೆ ಆಮೇಲೆ ಕೊಡಿರಿ.

ಬೋರ್ಡಿನ ಆ ಫೋಟೊ ಹೊರಗೆ ಬಿಟ್ಟವರು ಸುಧಾಕರ ಸರ್ ಅಲ್ಲ ವೈನಿ. ನಾನು.

ಸುತ್ತಿ ಬಳಸಿ ಹೇಳುವ ಮೊದಲು ಇದನ್ನೇ ಬರೆಯಬೇಕು ಅಂತ ಬಸ್ಸಿನಲ್ಲಿ ನಾಲ್ಕು ತಾಸು ಅಂದುಕೊಳ್ಳುತ್ತ ಬಂದೆ.

ದೀಪಾವಳಿಗೆ ನಿಮ್ಮಲ್ಲಿಗೆ ಬಂದಿದ್ದೆನಲ್ಲ. ಪಾಡ್ಯದ ದಿನ ನೀವು ಒಳಗೆ ಹೋಳಿಗೆ ಮಾಡುತ್ತಿದ್ದಿರಿ, ನಾನು ಹೊರಗೆ ನಿಂತು ಬೋರ್ಡು ಓದುತ್ತಿದ್ದೆ. ವೇರೂಳದ, ಅಂದರೆ ಎಲ್ಲೋರಾದ, ಗವಿ ನೋಡಲು ಹೋಗುವ ಪರದೇಶದ ಜನ ನಿಮ್ಮಲ್ಲಿ ಊಟಕ್ಕೆ ನಿಲ್ಲುತ್ತಾರೆ, ಅವರಿಗೆ ಅರ್ಥವಾಗಲಿ ಅಂತ ಎರಡು ವರ್ಷದ ಹಿಂದೆ ನೀವೇ ಮಾಡಿಸಿದ ಇಂಗ್ಲಿಷ್ ಬೋರ್ಡು. ಅದನ್ನು ಹೇಗೆ ಮಾಡಿದಿರೆಂದು ಆಗಲೇ ನನಗೆ ಹೇಳಿದ್ದಿರಿ. ಸೈಬರ್ ಕೆಫೆಗೆ ಹೋಗಿ, ಕಂಪ್ಯೂಟರಿನ ಅನುವಾದ ಯಂತ್ರಕ್ಕೆ ಪದಾರ್ಥಗಳ ಮರಾಠಿ ಹೆಸರು ಹಾಕಿ ಇಂಗ್ಲಿಷ್ ಕೇಳಿದ್ದಿರಿ. ಆಗ ಆ ಯಂತ್ರಕ್ಕೆ ಮರಾಠಿ ಬರುತ್ತಿರಲಿಲ್ಲ, ಹಿಂದಿ ಬರುತ್ತಿತ್ತು. ಎರಡಕ್ಕೂ ಲಿಪಿ ಒಂದೇ. ಹಾಗಾಗಿ ನೀವು ಕೊಟ್ಟ ಮರಾಠಿಯನ್ನು ಅದು ಹಿಂದಿಯೆಂದೇ ಓದಿಕೊಂಡಿತು. ನಮ್ಮ ಬಟಾಟಾ ರಸ್ಸಾ, ಅಂದರೆ ಬಟಾಟೆಯ ಸಾರು, ಹಿಂದಿಯಲ್ಲಿ ರಸ್ಸಾ ಅಂದರೆ ಹಗ್ಗವಾದ್ದರಿಂದ ‘ಪೊಟ್ಯಾಟೊ ರೋಪ್’ ಆಯಿತು. ಮೊಳಕೆ ಬಂದ ಮಟಕಿ ಕಾಳು ಮರಾಠಿಯಲ್ಲಿ ‘ಮೋಡಾಚೀ ಮಟಕೀ’. ಹಿಂದಿಯವರಿಗೆ ಮೋಡ್ ಅಂದರೆ ತಿರುವು, ಮಟಕೀ ಅಂದರೆ ಮಣ್ಣಿನ ಗಡಿಗೆ. ಅದು ‘ಟರ್ನ್ ಪಾಟ್’ ಆಯಿತು. ಮಜ್ಜಿಗೆಗೆ ಇಲ್ಲಿ ತಾಕ್ ಅನ್ನುತ್ತಾರೆ. ಹಿಂದಿಯಲ್ಲಿ ಅದು ದಿಟ್ಟಿಸಿ ನೋಡುವುದು. ಮಜ್ಜಿಗೆಯ ಮುಂದೆ ‘ಒನ್ ಗ್ಲಾಸ್ ಸ್ಟೇರ್’ ಅಂತ ಬಿತ್ತು.

ಕಡೆಯ ಸಾಲನ್ನು ಮಾತ್ರ ನೀವು ಯಂತ್ರಕ್ಕೆ ಬಿಡಲಿಲ್ಲ. ‘ಮನೆಯ ಹೆಂಗಸಿನ ಕೈಯ ಬಿಸಿ ರೊಟ್ಟಿ’ ಎಂಬುದನ್ನು ಮದುವೆಗೆ ಮುಂಚಿನ ನಿಮ್ಮ ಕನ್ನಡ-ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಒಂದೊಂದೇ ಶಬ್ದ ಹುಡುಕಿ ಬರೆದಿರಿ. ನಿಘಂಟು ಶಬ್ದ ಕೊಡುತ್ತದೆ, ವಿಭಕ್ತಿ ಕೊಡುವುದಿಲ್ಲ. ಮನೆ‘ಯ’, ಹೆಂಗಸಿ‘ನ’, ಕೈ‘ಯ’, ಅರ್ಥವನ್ನು ಹಿಡಿದಿದ್ದ ಆ ಕೊಂಡಿಗಳೆಲ್ಲ ಉದುರಿದವು. ಬಿಸಿ ಎಂಬುದು ರೊಟ್ಟಿಯ ಪಕ್ಕದಿಂದ ಎದ್ದು ಎಲ್ಲಕ್ಕೂ ಮುಂದೆ ಹೋಗಿ ನಿಂತಿತು. ಅದರ ಮೇಲೆ ಫ್ಲೆಕ್ಸ್ ಅಂಗಡಿಯವನು ಜಾಗ ಸಾಲದೆಂದು ಸಾಲನ್ನು ನಡುವೆ ಮುರಿದ. ಮೇಲೆ ದಪ್ಪ ಅಕ್ಷರದಲ್ಲಿ ‘ಹಾಟ್ ಹೌಸ್ ಲೇಡಿ’. ಅದರ ಕೆಳಗೆ ಸಣ್ಣದಾಗಿ ‘ಹ್ಯಾಂಡ್ ಬ್ರೆಡ್’. ಅದರ ಕೆಳಗೆ ಆರ್ಡರಿಗಾಗಿ ನಿಮ್ಮ ನಂಬರು.

ಇದೆಲ್ಲ ನನಗೆ ನಿಂತ ನಿಲುವಿನಲ್ಲೇ ತಿಳಿಯಿತು. ನನ್ನ ನೌಕರಿಯೇ ಅದು. ಬ್ಯಾಂಕಿನಲ್ಲಿ ಅನುವಾದ ಮಾಡುವುದು, ಅನುವಾದ ತಿದ್ದುವುದು. ಒಳಗೆ ಬಂದು ‘ವೈನಿ, ಈ ಸಾಲು ಸರಿ ಇಲ್ಲ, ನಾಳೆಯೇ ಇಳಿಸೋಣ’ ಎನ್ನಲು ಒಂದು ನಿಮಿಷ ಸಾಕಿತ್ತು. ಎನ್ನಲಿಲ್ಲ. ಫೋಟೊ ತೆಗೆದುಕೊಂಡೆ. ಒಳಗೆ ಬಂದು ನಿಮ್ಮ ಹೋಳಿಗೆ ತಿಂದೆ.

ನಾಶಿಕಕ್ಕೆ ಹೋದ ಮೇಲೆ ಆಫೀಸಿನ ನಾಲ್ಕು ಜನರ ವಾಟ್ಸಾಪ್ ಗುಂಪಿಗೆ ಹಾಕಿದೆ. ನಾವು ನಾಲ್ವರೂ ಇಂಥ ಬೋರ್ಡುಗಳನ್ನು ಕಲೆಹಾಕುವವರು. ಎಲ್ಲರೂ ನಕ್ಕರು. ಅವರಲ್ಲೊಬ್ಬರು ತಮ್ಮ ಮನೆಯವರ ಗುಂಪಿಗೆ ಕಳಿಸಿದರು, ಅಲ್ಲಿಂದ ಮತ್ತೊಂದಕ್ಕೆ. ಎಂಟನೇ ದಿನ ನಮ್ಮ ಬ್ಯಾಂಕಿನ ಕಾವಲುಗಾರ ಅದನ್ನೇ ನನಗೆ ತೋರಿಸಿ, ಮೇಡಂ ಇದನ್ನ ನೋಡಿರಿ ಅಂದ. ನಾನು ಮೊದಲ ಸಲ ನೋಡಿದವಳಂತೆ ನಕ್ಕೆ.

ಅಷ್ಟೊತ್ತಿಗೆ ನಿಮಗೆ ಫೋನುಗಳು ಶುರುವಾಗಿದ್ದವು. ಮೊದಲಿಗೆ ಒಂದು ಪ್ಲೇಟು ಹಗ್ಗ ಕಳಿಸಿರಿ ಅನ್ನುವವರು. ನೀವೂ ನಕ್ಕಿರಂತೆ, ಗೋದಾವರಿ ಹೇಳಿದಳು. ಆಮೇಲೆ ಬೇರೆ ಥರದವರು. ಆ ದಪ್ಪ ಅಕ್ಷರದ ಸಾಲನ್ನು ಓದಿ, ರೇಟು ಕೇಳುವವರು. ಪುಣೆಯಿಂದ, ಸೂರತ್‌ನಿಂದ. ನೀವು ನನಗೆ ಫೋನ್ ಮಾಡಿದ ಸಂಜೆ ನೆನಪಿದೆ. ಅವರು ಕೇಳಿದ್ದನ್ನು ನೀವು ಹೇಳಲಿಲ್ಲ, ಹೇಳಲಾರದೆ ನಿಲ್ಲಿಸಿದಿರಿ. ಆಮೇಲೆ ಅಂದಿರಿ:

“ಅಶ್ವಿನಿ, ನೀವು ಓದಿದವರಿದ್ದೀರಿ. ನಾ ಅಂಥಾದ್ದು ಏನ್ ಬರದೀನಿ, ಹೇಳ್ರಿ ನನಗ.”

ನಾನು ಹೇಳಲಿಲ್ಲ ವೈನಿ. ನಿಮ್ಮದೇನೂ ತಪ್ಪಿಲ್ಲ, ಪ್ರಿಂಟ್ ಮಾಡಿದವನದು ಅಂದೆ. ಫೋಟೊ ಯಾರೋ ಗಿರಾಕಿ ತೆಗೆದಿರಬೇಕು ಅಂತಲೂ ಸೇರಿಸಿದೆ. ಯಾರೋ ಗಿರಾಕಿ ಎಂಬ ಆ ಒಂದು ಮಾತು ಅಣ್ಣನ ಕಿವಿಗೆ ಬಿದ್ದು, ಹುಡುಕಾಡಿ, ಸುಧಾಕರ ಸರ್ ಮೇಲೆ ಹೋಗಿ ಕೂತಿತು.

ಅದು ಹೇಗೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹುಮನಾಬಾದಿನ ಮನುಷ್ಯ, ಕಾಲೇಜಿನಲ್ಲಿ ಪಾಠ ಹೇಳುವವರು, ತಿಂಗಳ ಊಟ ನಿಮ್ಮಲ್ಲಿ. ನಿಮ್ಮ ಜೊತೆ ಕನ್ನಡ ಮಾತಾಡುವ ಏಕೈಕ ಗಿರಾಕಿ. ಬೋರ್ಡು ತಿದ್ದಿ ಕೊಡಲೇನು ಅಂತ ಒಮ್ಮೆ ನಿಮ್ಮನ್ನು ಕೇಳಿದ್ದರು. ಅಣ್ಣನಿಗೆ ಅಷ್ಟು ಸಾಕಾಯಿತು. ಪೊಲೀಸ್ ಚೌಕಿಯಲ್ಲಿ ದೂರು ಕೊಟ್ಟ. ಕಾಲೇಜಿನವರು ಅವರಿಂದ ಬರಹದಲ್ಲಿ ಉತ್ತರ ಕೇಳಿದರು. ಅವನು ನಿನಗೇ ಯಾಕೆ ತಿದ್ದಿ ಕೊಡಬೇಕು ಎಂದು ಅಣ್ಣ ನಿಮ್ಮನ್ನು ಕೇಳಿದ್ದು, ಅಂದಿನಿಂದ ನೀವು ಗಲ್ಲಾದ ಹತ್ತಿರ ಕೂಡುವುದು ಬಿಟ್ಟಿದ್ದು, ಮೇಲಿನ ಮನೆಯಿಂದ ಕೆಳಗೆ ಇಳಿಯುವುದನ್ನೇ ಬಿಟ್ಟಿದ್ದು, ಎಲ್ಲ ಗೋದಾವರಿಯಿಂದ ಗೊತ್ತಾಗುತ್ತಿತ್ತು. ನಾನು ದಿನಾ ಕೇಳುತ್ತಿದ್ದೆ, ದಿನಾ ಸುಮ್ಮನಿರುತ್ತಿದ್ದೆ.

ಯಾಕೆ ನಕ್ಕೆ ಅಂತ ನೀವು ಕೇಳುತ್ತೀರಿ. ನಾನೂ ಕೇಳಿಕೊಂಡಿದ್ದೇನೆ.

ಇಂಥ ತಪ್ಪಿಗೆ ನಗಬೇಕಾದರೆ ಎರಡು ಭಾಷೆ ಗೊತ್ತಿರಬೇಕು. ಒಂದೇ ಭಾಷೆಯವನಿಗೆ ಪೊಟ್ಯಾಟೊ ರೋಪ್ ಬರೀ ತಿಳಿಯದ ಮಾತು. ಎರಡೂ ಗೊತ್ತಿದ್ದವನಿಗೆ ಮಾತ್ರ ಸಾರಿನ ಬಟ್ಟಲೂ ಹಗ್ಗದ ಸಿಂಬಿಯೂ ಒಟ್ಟಿಗೆ ಕಾಣುತ್ತವೆ. ಹಾಗೆ ಥಟ್ಟನೆ ಎರಡು ಕಾಣುವುದೇ ಒಂದು ಖುಷಿ, ಅದರಲ್ಲಿ ಪಾಪವಿಲ್ಲ. ಆದರೆ ಆ ಖುಷಿಯ ಬೆನ್ನಿಗೇ ಇನ್ನೊಂದು ಬರುತ್ತದೆ. ಬರೆದವನಿಗೆ ಕಾಣದ್ದು ನನಗೆ ಕಂಡಿತು, ನಾನು ಅವನಿಗಿಂತ ಮೇಲೆ ಅನ್ನುವುದು. ಬರೆದವನ ಮುಖ ಕಾಣುವವರೆಗೂ ಅದು ಬಹಳ ರುಚಿಯಾಗಿರುತ್ತದೆ. ನನಗೆ ನಿಮ್ಮ ಮುಖ ಕಾಣುತ್ತಿತ್ತು. ಆದರೂ ನಕ್ಕೆ.

ನಿಮಗೆ ಹೇಳದ ಒಂದು ಮಾತಿದೆ. ನೌಕರಿಗೆ ಸೇರಿದ ವರ್ಷ ಮೇಲಿನಿಂದ ಬಂದ ಒಂದು ಹಿಂದಿ ಫಲಕವನ್ನು ಮರಾಠಿಗೆ ಮಾಡಲು ನನಗೆ ಕೊಟ್ಟಿದ್ದರು. ಗ್ರಾಹಕರ ಸೇವೆಯೇ ನಮ್ಮ ‘ಚೇಷ್ಟಾ’ ಅಂತಿತ್ತು. ಹಿಂದಿಯಲ್ಲಿ ಅದಕ್ಕೆ ಪ್ರಯತ್ನವೆಂಬ ಅರ್ಥ. ನಾನು ಆ ಶಬ್ದವನ್ನು ಹಾಗೇ ಉಳಿಸಿದೆ. ಮರಾಠಿಯಲ್ಲಿ ಚೇಷ್ಟಾ ಅಂದರೆ ಕುಚೋದ್ಯ, ನಮ್ಮ ಚೇಷ್ಟೆಯ ಹಾಗೇ. ಕನ್ನಡ, ಮರಾಠಿ ಎರಡೂ ಆಡುವ ಭಾಲ್ಕಿಯ ಹುಡುಗಿ ನಾನು, ನನಗೆ ಅದು ಹೊಳೆಯಬೇಕಿತ್ತು. ಶಬ್ದ ಪರಿಚಯದ್ದು ಅನಿಸಿದರೆ ನಾವು ಅನುಮಾನಿಸುವುದಿಲ್ಲ, ಅಲ್ಲೇ ಬೀಳುವುದು. ಮೂರು ದಿನ ಬಾಗಿಲಲ್ಲಿ ತೂಗುಹಾಕಿದ್ದರು. ನಾಲ್ಕನೇ ದಿನ ಮ್ಯಾನೇಜರು ಸಭೆಯಲ್ಲಿ ಗಟ್ಟಿಯಾಗಿ ಓದಿದರು. ನಲವತ್ತು ಜನ ನಕ್ಕರು. ಕರ್ನಾಟಕದಿಂದ ಬಂದವಳು, ಪಾಪ, ಎಂದು ಯಾರೋ ಅಂದರು. ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆ ವಾರವೇ ಇತರರ ತಪ್ಪುಗಳನ್ನು ಕಲೆಹಾಕಲು ಶುರುಮಾಡಿದೆ. ಎಷ್ಟು ಕಲೆಹಾಕಿದರೂ ಆ ನಲವತ್ತು ಜನರ ನಗು ಕಡಿಮೆಯಾಗಲಿಲ್ಲ.

ಇದನ್ನು ನೆವವೆಂದು ಹೇಳುತ್ತಿಲ್ಲ. ಆ ನೋವು ಗೊತ್ತಿದ್ದವಳು ಅದನ್ನೇ ನಿಮಗೆ ಮಾಡಿದೆ. ಇದು ಹೆಚ್ಚಿನ ತಪ್ಪು.

ಮೊನ್ನೆ ಗೋದಾವರಿ ಫೋನಿನಲ್ಲಿ, ಶನಿವಾರ ಸುಧಾಕರ ಸರ್ ಅವರನ್ನು ಮತ್ತೆ ಚೌಕಿಗೆ ಕರೆದಿದ್ದಾರೆ, ಈ ಸಲ ಕೇಸು ಬರೆದುಕೊಳ್ಳುತ್ತಾರಂತೆ ಅಂದಳು. ಆಮೇಲೆ ನಾನು ಊಟ ಮಾಡಲಿಲ್ಲ. ಇವತ್ತು ಹನ್ನೊಂದಕ್ಕೆ ಚೌಕಿಗೆ ಹೋದೆ. ಸುಧಾಕರ ಸರ್ ಬಾಗಿಲ ಬಳಿಯ ಬೆಂಚಿನ ಮೇಲೆ ಕಾಗದದ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಒಂದು ಬದಿಯ ಕಾಲರು ಮಡಚಿಕೊಂಡಿತ್ತು. ನಾನು ಫೌಜದಾರರ ಮುಂದೆ ನನ್ನ ಫೋನು ಇಟ್ಟೆ. ಫೋಟೊ ತೆಗೆದ ದಿನ, ಗುಂಪಿಗೆ ಕಳಿಸಿದ ದಿನ ಎರಡೂ ಅದರಲ್ಲೇ ಇದ್ದವು. ಜಬಾಬು ಬರೆಸಿ ಸಹಿ ಮಾಡಿದೆ. ಅವರು ಬೈಯಲಿಲ್ಲ. ಆ ಸಾಲಿನಲ್ಲಿ ನಗುವಂಥದ್ದೇನಿದೆ ಅಂತ ಕೇಳಿದರು, ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲವಂತೆ. ವಿವರಿಸಿ ಹೇಳಬೇಕಾಯಿತು. ಒಂದೊಂದೇ ಶಬ್ದ ಬಿಡಿಸಿ, ಪೊಲೀಸರ ಮುಂದೆ, ನಿಮ್ಮ ಬಗ್ಗೆ. ವಿವರಿಸುತ್ತ ಹೋದ ಹಾಗೆ ಅದರಲ್ಲಿ ಒಂದಿಷ್ಟೂ ನಗು ಉಳಿದಿರಲಿಲ್ಲ.

ಸುಧಾಕರ ಸರ್ ಹೆಸರನ್ನು ದೂರಿನಿಂದ ತೆಗೆದರು, ಕಾಲೇಜಿಗೂ ಹಾಗೆಂದು ಬರೆದು ಕೊಟ್ಟರು. ಸೋಮವಾರ ಅಣ್ಣನನ್ನು ಕರೆಯುತ್ತಾರೆ. ಫೋನ್ ಮಾಡಿ ಕಾಡಿದವರ ನಂಬರುಗಳನ್ನು ನೀವು ಕೊಟ್ಟರೆ ಅವರ ಮೇಲೆ ಬೇರೆ ಕೇಸು ಆಗುತ್ತದಂತೆ. ಹೊರಗೆ ಬಂದು ನಾನು ಸುಧಾಕರ ಸರ್ ಅವರ ಕ್ಷಮೆ ಕೇಳಿದೆ. ಅವರು ಫೈಲನ್ನು ಕಂಕುಳಿಗೆ ಸೇರಿಸಿಕೊಂಡರು. ಆಮೇಲೆ ಅಂದರು:

“ನನ್ನ ಹತ್ರ ಯಾಕ ಬಂದ್ರಿ? ಮೊದಲ ಆ ಬಾಯಾರಿಗೆ ಹೇಳ್ರಿ. ಎರಡು ತಿಂಗಳಾತು ಅವರು ಯಾರ ಮುಖಾನೂ ನೋಡಿಲ್ಲ.”

ಅದಕ್ಕೇ ಈ ಪತ್ರ. ಹರಡಿದ ಫೋಟೊವನ್ನು ವಾಪಸು ತರುವ ದಾರಿ ನನಗೆ ಗೊತ್ತಿಲ್ಲ. ನಾನು ಕಳಿಸಿದ್ದು, ಅದು ನನ್ನ ವೈನಿಯ ಬೋರ್ಡು ಅಂತ ಆ ಗುಂಪಿಗೆ ಬರೆದಿದ್ದೇನೆ. ಬೋರ್ಡು ತಿದ್ದಿ ಕೊಡುತ್ತೇನೆ ಅನ್ನುವ ಯೋಗ್ಯತೆ ನನಗಿಲ್ಲ. ಅಣ್ಣನಿಗೆ ಒಂದೇ ಮಾತು ಹೇಳಿರಿ: ನಿಮ್ಮ ಮೇಲೆ ಅನುಮಾನಪಟ್ಟ ಅಷ್ಟೂ ದಿನ ಅವನು ನಿಜವಾದ ಕಳ್ಳಿಗೇ, ಅಂದರೆ ನನಗೆ, ವಾರಕ್ಕೊಮ್ಮೆ ಫೋನ್ ಮಾಡಿ ನಿಮ್ಮ ಮೇಲೆ ದೂರು ಹೇಳುತ್ತಿದ್ದ, ಆ ಕಳ್ಳಿ ಹೂಂಗುಟ್ಟುತ್ತಿದ್ದಳು.

ನಾಶಿಕದ ಬಸ್ಸು ಐದೂವರೆಗೆ. ಅಲ್ಲಿಯವರೆಗೆ ಇಲ್ಲೇ ಕೂತಿರುತ್ತೇನೆ. ನೀವು ಬರಬೇಕೆಂದಲ್ಲ. ಬಂದು ಬೈಯಬೇಕೆನಿಸಿದರೆ ನಾನು ಎಲ್ಲಿದ್ದೇನೆಂದು ನಿಮಗೆ ಗೊತ್ತಿರಲಿ ಅಂತ.

ಎದುರು ನಿಲ್ಲುವ ಮುಖವಿಲ್ಲದ,
ಅಶ್ವಿನಿ

ತಾ. ಕ.: ಗೋದಾವರಿ ದೂರದಲ್ಲಿ ಬರುತ್ತಿರುವುದು ಕಾಣುತ್ತಿದೆ, ಆದ್ದರಿಂದ ಬೇಗ ಬರೆಯುತ್ತೇನೆ. ಚೌಕಿಯಲ್ಲಿ ಫೌಜದಾರರು ಫೋಟೊ ನೋಡಿ, ಖಾನಾವಳಿಯ ಹೆಸರು ಕಾಣುವುದಿಲ್ಲವಲ್ಲ ಅಂದರು. ಮೊದಲೇ ಹಾಗಿತ್ತು ಅಂತ ಸುಳ್ಳು ಹೇಳಿದೆ. ಕಳಿಸುವ ಮುಂಚೆ ಮೇಲಿನ ಅಂಚನ್ನು ನಾನೇ ಕತ್ತರಿಸಿದ್ದೆ, ಅಲ್ಲಿ ನಮ್ಮ ಮನೆತನದ ಹೆಸರಿತ್ತು, ಆಫೀಸಿನವರಿಗೆ ಗೊತ್ತಾದೀತೆಂದು. ಕೆಳಗಿನ ನಂಬರೂ ಕಂಡಿತ್ತು ವೈನಿ. ಅದು ನಿಮ್ಮದೊಬ್ಬರದೇ ಅಂತ ಕತ್ತರಿಸದೆ ಬಿಟ್ಟೆ.