ಅಡಿಟಿಪ್ಪಣಿಗಳು ನನ್ನವು

ಮಾರ್ಚ್ ೧೪, ಶುಕ್ರವಾರ

ಮಹಾಕೋಪಿಷ್ಠೆಯೂ, ತಮ್ಮನ ಆರು ಪುಟದ ಪತ್ರಕ್ಕೆ ಒಂದೇ ಸಾಲಿನಲ್ಲಿ ಉತ್ತರಿಸುವ ವ್ರತ ಹಿಡಿದವಳೂ ಆದ ಅಕ್ಕನ ಸನ್ನಿಧಾನಕ್ಕೆ, ಪೋಕರಿಯ ಅಡ್ಡಬಿದ್ದ ನಮಸ್ಕಾರಗಳು.

ನಿನ್ನ ಒಂದು ಸಾಲು ತಲುಪಿತು. ಅಪ್ಪನ ಗಜಲ್ ಅನುವಾದದ ಪುಸ್ತಕದ ಕರಡಚ್ಚು ತಿದ್ದುತ್ತಿದ್ದೀಯ, ಕೊನೆಯ ನಲವತ್ತು ದ್ವಿಪದಿಗಳಿಗೆ ಅಡಿಟಿಪ್ಪಣಿ ಇದೆ, ಅಪ್ಪ ಯಾವಾಗಿನಿಂದ ಅಡಿಟಿಪ್ಪಣಿ ಹಾಕಲು ಶುರು ಮಾಡಿದರು ಎಂದು ಕೇಳಿದ್ದೀಯ. ಇಡೀ ಪ್ರಕಾಶನದಲ್ಲಿ ಯಾರಿಗೂ ಹೊಳೆಯದ್ದು ನಿನಗೆ ಹೊಳೆಯಿತು. ಆದ್ದರಿಂದ ತಪ್ಪೊಪ್ಪಿಗೆ ನಿನ್ನ ನ್ಯಾಯಾಲಯದಲ್ಲೇ ಆಗಲಿ.

ಮೊದಲೇ ಒಂದು ಮಾತು. ಹೋದ ವರ್ಷ ಅಪ್ಪ ಮರುಮದುವೆ ಆಗುತ್ತಿದ್ದಾರೆ ಎಂದು ಬರೆದು, ನೀನು ಎರಡು ರೈಲು ಬದಲಾಯಿಸಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಲ್ಲುವಂತೆ ಮಾಡಿದವನು ನಾನೇ. "ಇನ್ನು ನಿನ್ನ ಒಂದಕ್ಷರವನ್ನೂ ನಂಬಲ್ಲ" ಅಂದು ನೀನು ಹೊರಟುಹೋದೆ. ಅದಕ್ಕೇ ಈ ಸಲ ನನ್ನ ಅಕ್ಷರ ನಂಬಬೇಡ. ಜೊತೆಗಿಟ್ಟಿರುವ ಮೂವತ್ತೊಂದು ಹಾಳೆಗಳನ್ನು ನಂಬು. ಅವು ಅಪ್ಪನ ಕೈಬರಹ. ಪ್ರತಿಯೊಂದರ ಮೂಲೆಯಲ್ಲೂ ತಾರೀಖಿದೆ.

ಅಪ್ಪನ ಕ್ರಮ ನಿನಗೆ ಗೊತ್ತೇ ಇದೆ. ಒಂದು ಕಾರ್ಡಿಗೆ ಒಂದು ಪರ್ಷಿಯನ್ ದ್ವಿಪದಿ, ದಿನಕ್ಕೆ ಒಂದು ಕಾರ್ಡು. ಅನುವಾದಕ್ಕೆ ಬೇರೊಂದು ಹಾಳೆ, ಅದರ ಮೇಲ್ಭಾಗದಲ್ಲಿ ಪದಕ್ಕೆ ಪದ ಇಂಗ್ಲಿಷು. ಕೆಳಗೆ, ಒಂದು ಪದಕ್ಕೆ ಎಷ್ಟು ಅರ್ಥವಿದೆಯೋ ಅಷ್ಟೂ. ಕೊನೆಗೆ ಗೆರೆ ಎಳೆದು ಗದ್ಯದ ಒಂದೇ ವಾಕ್ಯ. ಗದ್ಯಕ್ಕೆ ಬಂದಮೇಲೆ ಪ್ರಾಸ ಹೋಗುತ್ತದೆ, ಎರಡೆರಡು ಸಾಲಿಗೊಮ್ಮೆ ಮರಳಿ ಬರುವ ಪದವೂ ಹೋಗುತ್ತದೆ. ಅದಕ್ಕೆ ಅಳುತ್ತಾ ಕೂರಬಾರದು, ಆದರೆ ಚಿತ್ರ ಒಡೆಯಬಾರದು, ಎರಡು ಅರ್ಥದಲ್ಲಿ ಒಂದನ್ನು ಕೊಂದು ಇನ್ನೊಂದನ್ನು ಸಾಕಬಾರದು ಎನ್ನುತ್ತಿದ್ದರು. ಅಡಿಟಿಪ್ಪಣಿ ಎಂದರೆ ನಗೆಹನಿ ಹೇಳಿ ಆಮೇಲೆ ಅದನ್ನು ವಿವರಿಸಿದ ಹಾಗೆ ಎಂದು ನನ್ನ ಕಿವಿ ಹಿಂಡಿದ್ದೂ ಇದೆ.

ನವೆಂಬರಿನಲ್ಲಿ ನನಗೆ ಕೈ ತುರಿಸಿತು. ಗಜಲಿನ ಪ್ರತಿ ದ್ವಿಪದಿಯೂ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ, ಒಂದೊಂದು ಹಸ್ತಪ್ರತಿಯಲ್ಲಿ ಒಂದೊಂದು ಕ್ರಮ ಇರುತ್ತದೆ ಎಂದು ಅವರೇ ಕಲಿಸಿದ್ದರಲ್ಲ. ಆದರೆ ಎರಡು ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ: ಎರಡೂ ಸಾಲು ಪ್ರಾಸದಲ್ಲಿ ಮುಗಿಯುವುದು ಮೊದಲಿಗೆ, ಕವಿ ತನ್ನ ಹೆಸರು ಹೇಳಿಕೊಳ್ಳುವುದು ಕೊನೆಗೆ. ಇಬ್ಬರು ಕಾವಲುಗಾರರು ಎನ್ನುತ್ತಿದ್ದರು. ನಾನು ಒಂದು ಗಜಲಿನ ಏಳು ಕಾರ್ಡುಗಳ ಕಟ್ಟು ಬಿಚ್ಚಿ ಹೆಸರಿನ ದ್ವಿಪದಿಯನ್ನು ಮೊದಲಿಗಿಟ್ಟೆ, ಮೊದಲಿನದನ್ನು ನಡುವೆ ತುರುಕಿದೆ. ಬೈಗುಳ ಕೇಳಲು ಬಾಗಿಲ ಹಿಂದೆ ನಿಂತೆ.

ಬೈಗುಳ ಬರಲಿಲ್ಲ. ಏಳು ದಿನದಲ್ಲಿ ಏಳೂ ಮುಗಿಸಿ, ಅದೇ ಕ್ರಮದಲ್ಲಿ ದಾರ ಕಟ್ಟಿ ನನ್ನ ಕೈಗಿತ್ತರು. ಐವತ್ತು ವರ್ಷ ಈ ಕವಿಗಳ ಜೊತೆ ಉಂಡು ಮಲಗಿದವರು. ನಾನು ಏನೂ ಆಗದವನಂತೆ ಕಾರ್ಡು ಸರಿಮಾಡಿದೆ. ನನ್ನ ಜೀವಮಾನದಲ್ಲಿ ಫಲಿಸದ ಚೇಷ್ಟೆ ಅದೊಂದೇ ಎಂದು ನಿನಗೆ ಬರೆಯೋಣ ಅಂದುಕೊಂಡೆ. ಬರೆಯಲಿಲ್ಲ.

ಆಮೇಲಿನ ಕಟ್ಟಿನಲ್ಲಿ ಈ ದ್ವಿಪದಿ ಇತ್ತು: ಗೋಡೆಯ ಮೇಲಿಂದ ಮೆಹ್ರ್ ಇಳಿದುಹೋಯಿತು, ಧೂಳಿನ ಕಣ ಇನ್ನೂ ಅದರ ಹವಾದಲ್ಲಿ ಕುಣಿಯುತ್ತಿದೆ. ಮೆಹ್ರ್ ಅಂದರೆ ಸೂರ್ಯ, ಮೆಹ್ರ್ ಅಂದರೆ ಮಮತೆ. ಹವಾ ಅಂದರೆ ಗಾಳಿ, ಹಂಬಲವೂ ಹೌದು. ಸಂಜೆ ಗೋಡೆಯ ಬಿಸಿಲಿನಲ್ಲಿ ಕುಣಿಯುವ ಧೂಳು ಯಾರಿಗೂ ಕಾಣುವ ಚಿತ್ರ. ಅದರೊಳಗೇ, ಬಿಟ್ಟುಹೋದ ಪ್ರೀತಿ ಮತ್ತು ಅದು ಗೊತ್ತಾಗದೆ ಕಾಯುವ ಜೀವ. ಅಪ್ಪ ಇಡೀ ದಿನ ಕೂತು, ಸನ್ ಎಂದು ಬರೆದು ಹೊಡೆದುಹಾಕಿ, ಲವ್ ಎಂದು ಬರೆದು ಹೊಡೆದುಹಾಕಿ, ಸಂಜೆ ವಾರ್ಮ್ತ್ ಎಂದು ಬರೆದರು. ಬಿಸಿಲಿಗೂ ಮಮತೆಗೂ ಒಂದೇ ಮಾತು. ಅಡುಗೆಮನೆಗೆ ಬಂದು ನನ್ನ ಬೆನ್ನಿಗೆ ಗುದ್ದಿ, ಸಿಕ್ಕಿತು ಕಣೋ ಪೋಕರಿ, ಹವಾ ಒಂದು ಬಾಕಿ, ಅದನ್ನು ನಾಳೆ ಹಿಡೀತೀನಿ ಅಂದರು.

ಮರುದಿನ ಅದೇ ಕಾರ್ಡು ತೆಗೆದರು. ಹವಾಕ್ಕೆ ಅಂದುಕೊಂಡೆ. ಹೊಸ ಹಾಳೆ, ಹೊಸ ತಾರೀಖು, ಮೇಲಿನಿಂದ ಪದಕ್ಕೆ ಪದ. ಸನ್, ಹೊಡೆತ. ಲವ್, ಹೊಡೆತ. ಮೂರನೆಯ ದಿನವೂ ಹಾಗೆಯೇ. ಕಾರ್ಡು ಅದಲುಬದಲು ಮಾಡಿದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದಾರೆ, ನನಗಿಂತ ದೊಡ್ಡ ಕಿಲಾಡಿ ಎಂದು ಮನಸ್ಸಿನಲ್ಲೇ ಕೈಮುಗಿದೆ. ಅವರು ಯಾವಾಗ ನಗುತ್ತಾರೋ ಎಂದು ಕಾದೆ. ಆರನೆಯ ದಿನ ಮತ್ತೆ ಅಡುಗೆಮನೆಗೆ ಬಂದು ಬೆನ್ನಿಗೆ ಗುದ್ದಿ, ಸಿಕ್ಕಿತು ಕಣೋ ಪೋಕರಿ ಅಂದರು. ಅದೇ ವಾರ್ಮ್ತ್. ಅದೇ ಖುಷಿ. ಕೈಯಲ್ಲಿದ್ದ ಲೋಟವನ್ನು ನಾನು ತುಂಬಾ ಹೊತ್ತು ತೊಳೆದೆ.

ಡಾಕ್ಟರು ಅಪ್ಪನ ತಲೆಯ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಹೋದದ್ದು ವಾಪಸ್ ಬರಲ್ಲ, ಇರೋದೂ ನಿಲ್ಲಲ್ಲ ಅಂದರು. ಅಪ್ಪನಿಗೆ ಹೇಳಿದೆ. ತಲೆಯಾಡಿಸಿ, ಪುಸ್ತಕ ಮುಗಿಯೋ ತನಕ ಅಕ್ಕನಿಗೆ ತಿಳಿಸಬೇಡ ಅಂದರು. ಮರುದಿನ ಡಾಕ್ಟರ ಹತ್ತಿರ ಯಾಕೆ ಹೋಗಿದ್ದೆವು ಎಂದು ಕೇಳಿದರು. ಎರಡನೆಯ ಸಲವೂ ಹೇಳಿದೆ, ಮುಖ ಮೊದಲ ಸಲದಂತೆಯೇ ಬಿಳಿಚಿತು. ಮೂರನೆಯ ಸಲ ಕನ್ನಡಕದ ನಂಬರಿಗೆ ಎಂದೆ. ನನ್ನ ಸುಳ್ಳುಗಳಲ್ಲಿ ಅದೊಂದಕ್ಕೆ ನನಗೆ ನಗು ಬರಲಿಲ್ಲ.

ಪುಸ್ತಕಕ್ಕೆ ನಲವತ್ತು ಬಾಕಿ ಇತ್ತು. ಅವನ್ನು ನಾನು ಬರೆದೆ. ಅಪ್ಪನ ಅಕ್ಷರ ಅನುಕರಿಸುವುದು ಶಾಲೆಯ ರಜಾ ಅರ್ಜಿಗಳ ಕಾಲದಿಂದಲೂ ರೂಢಿ. ಆದರೆ ಒಂದೇ ಮಾತಿನಲ್ಲಿ ಎರಡನ್ನೂ ಉಳಿಸುವುದು ನನ್ನಿಂದಾಗಲಿಲ್ಲ. ಒಂದನ್ನು ವಾಕ್ಯದಲ್ಲಿಟ್ಟು ಇನ್ನೊಂದನ್ನು ಕೆಳಗೆ ಹೂತೆ. ನೀನು ಕಂಡ ಅಡಿಟಿಪ್ಪಣಿಗಳು ಅವೇ. ಅವನ್ನು ಉಳಿಸು, ಕಿತ್ತುಹಾಕು, ಪುಸ್ತಕವನ್ನೇ ನಿಲ್ಲಿಸು. ಆದರೆ ಬಾ. ಆ ಒಂದೇ ದ್ವಿಪದಿಯ ಮೂವತ್ತೊಂದು ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡು. ಡಿಸೆಂಬರಿನಲ್ಲಿ ವಾರ್ಮ್ತ್ ಮೂರು ಸಲ ಸಿಕ್ಕಿದೆ. ಜನವರಿಯಲ್ಲಿ ಒಂದು ಸಲ. ಫೆಬ್ರವರಿಯಲ್ಲಿ ಬರೀ ಸನ್, ಅದನ್ನು ಹೊಡೆದೂ ಇಲ್ಲ. ಈಗ ಮೇಲಿನ ಸಾಲಿನಲ್ಲೇ ಪೆನ್ಸಿಲ್ ನಿಲ್ಲುತ್ತದೆ. ಹವಾ ಯಾವತ್ತೂ ಸಿಗಲಿಲ್ಲ. ನಿನ್ನ ಹೆಸರು ಮೊನ್ನೆಯವರೆಗೂ ತಪ್ಪದೆ ಹೇಳುತ್ತಿದ್ದರು. ಮೊನ್ನೆಯವರೆಗೂ ಎಂದು ಬರೆದದ್ದನ್ನು ಎರಡು ಸಲ ಓದಿಕೋ.

ಇಂತಿ, ನಂಬಿಕೆಗೆ ಅನರ್ಹನೆಂದು ಈಗಾಗಲೇ ಘೋಷಿಸಲ್ಪಟ್ಟ,
ನಿನ್ನ ತಮ್ಮ

ವಿ.ಸೂ.: ಶನಿವಾರ ಬೆಳಿಗ್ಗೆ. ಲಕೋಟೆ ತರಲು ಅಂಗಡಿಗೆ ಹೋಗಿದ್ದಾಗ ಪತ್ರ ಮೇಜಿನ ಮೇಲೇ ಉಳಿದಿತ್ತು. ಬಂದು ನೋಡಿದರೆ ಅಪ್ಪ ಪೆನ್ಸಿಲ್ ಹಿಡಿದು ಕೊನೆಯ ಪುಟಕ್ಕೆ ಬಂದಿದ್ದರು. ಬಾಗಿಲಲ್ಲೇ ನಿಂತೆ. ಅವರು ತಲೆಯೆತ್ತಿ, "ಯಾವ ಪುಸ್ತಕದ್ದು ಇದು? ಬರೆದವನಿಗೆ ವಿಪರೀತ ಭಯ ಆಗಿದೆ, ನಗೋ ಹಾಗೆ ಮಾಡಿ ಮುಚ್ಚಿಟ್ಟಿದ್ದಾನೆ. ಇಂಗ್ಲಿಷಿಗೆ ತರೋವಾಗ ನಗುವನ್ನೇ ಹಿಡ್ಕೊ, ಭಯ ತಾನಾಗೇ ಬರುತ್ತೆ. ಅಡಿಟಿಪ್ಪಣಿ ಹಾಕಬೇಡ" ಅಂದರು. ಅಂಚಿನಲ್ಲಿರುವ ಪೆನ್ಸಿಲ್ ಗುರುತುಗಳು ಅವರವು. ಅಳಿಸಿಲ್ಲ. ಆಮೇಲೆ ಹಾಳೆ ತಿರುಗಿಸಿ ಹಿಂಬದಿ ನೋಡಿ, ಆ ಅಕ್ಕ ಬಂದಳಾ ಎಂದು ಕೇಳಿದರು. ಮುಂದಿನ ಪುಟ ಸಿಕ್ಕಿಲ್ಲ ಅಂದೆ. "ಹುಡುಕು" ಅಂದರು.