ಹನ್ನೊಂದು ವರ್ಷ ದಂಡವಾಗುತ್ತದೆ ಎಂದವಳಿಗೆ

ಮಗೂ,

ಹಾಲು ಕಾಯಿಸಿಟ್ಟಿದ್ದೇನೆ, ಕುಡಿ. ನಾನು ಕಣ್ಣಿನ ಡಾಕ್ಟರ ಹತ್ತಿರ ಹೊರಟೆ.

ನಿನ್ನೆ "ನನ್ನ ಮಗನ ಜೊತೆ ಯಾಕಿದ್ದೀಯ?" ಅಂತ ಕೇಳಿದರೆ, "ಹನ್ನೊಂದು ವರ್ಷ ಕಳೆದೆನಲ್ಲ ಅತ್ತೆ, ಈಗ ಬಿಟ್ರೆ ಅದೆಲ್ಲ ದಂಡ ಅಲ್ವಾ?" ಅಂದೆ. ಅವನು ಬೇಕು ಅಂತ ನೀನು ಅನ್ನಲಿಲ್ಲ. ನಿನ್ನ ಮಾವನ ಜೊತೆ ನಾನೂ ಹೀಗೇ ಉಳಿದೆ. ವರ್ಷ ಕಳೆದಷ್ಟೂ ಬಿಡುವುದು ಕಷ್ಟವಾಯಿತು; ಅದನ್ನೇ ಪ್ರೀತಿ ಅಂದುಕೊಂಡೆ. ಅವರು ತೀರಿಕೊಂಡ ದಿನ ನಾನು ಅತ್ತದ್ದು ನನಗಾಗಿ.

ಹೋದ ವರ್ಷಗಳು ನೀನು ಇದ್ದರೂ ಬರುವುದಿಲ್ಲ, ಹೊರಟರೂ ಬರುವುದಿಲ್ಲ. ಅವನನ್ನು ಇವತ್ತೇ ಮೊದಲು ಕಂಡಿದ್ದರೆ ಒಪ್ಪುತ್ತಿದ್ದೆಯಾ? ಹೌದಾದರೆ ಇರು. ಇಲ್ಲವಾದರೆ, ದೊಡ್ಡ ಸೂಟ್‌ಕೇಸ್ ಮಂಚದ ಕೆಳಗಿಂದ ಎಳೆದು ಒರೆಸಿಟ್ಟಿದ್ದೇನೆ. ಸಂಜೆ ಅವನಿಗೆ ನಾನೇ ಹೇಳುತ್ತೇನೆ.

ನನ್ನನ್ನು ಹೀಗೆ ಕೇಳುವವರು ಯಾರೂ ಇರಲಿಲ್ಲ.

ಅತ್ತೆ