ಒಕ್ಕಲಿನ ಕಾಗದದ ಇಂಗ್ಲಿಷ್ ಪ್ರತಿ

ಪುತ್ತೂರು
೨೭-೪-೧೯೬೪, ಸೋಮವಾರ

ಚಿ. ಸೌ. ಕೌಸಲ್ಯೆಗೆ ಅಮ್ಮನ ಆಶೀರ್ವಾದ.

ಆರು ವರ್ಷದ ಮೇಲೆ ನನ್ನ ಕೈಬರಹ ಕಂಡು ಮನೆಯಲ್ಲಿ ಏನೋ ಆಗಿದೆ ಎಂದು ಹೆದರಬೇಡ. ಎಲ್ಲರೂ ಆರೋಗ್ಯದಲ್ಲಿದ್ದೇವೆ. ನನಗೆ ಸೊಂಟನೋವು, ಅದು ಹಳೆಯದು. ಹೊಸ ಮನೆಯ ಒಕ್ಕಲು ಮುಗಿದು ಮೂರು ದಿನವಾಯಿತು. ನೆಂಟರು ಮಲಗಿದ ಚಾಪೆಗಳನ್ನು ಈಗಷ್ಟೇ ಸುತ್ತಿ ಒಳಗಿಡಿಸಿದೆ. ಕೂತರೆ ಏಳಲಾಗುವುದಿಲ್ಲ, ಅದಕ್ಕೇ ಕೂತಲ್ಲಿಂದಲೇ ಬರೆಯುತ್ತಿದ್ದೇನೆ. ಇದು ಕ್ಷಮೆ ಕೇಳುವ ಕಾಗದವಲ್ಲ, ಕೊಡುವ ಕಾಗದವೂ ಅಲ್ಲ. ಒಂದು ಕೆಲಸ ಕೆಟ್ಟಿದೆ. ಅದು ಬರುವ ಆದಿತ್ಯವಾರ ಕಲ್ಲುಗುಂಡಿಗೆ, ನಿನ್ನ ಬಾಗಿಲಿಗೆ ಬರುತ್ತದೆ. ಮೊದಲೇ ತಿಳಿಸುವುದು ನನ್ನ ಕರ್ತವ್ಯ.

ನಿನ್ನ ತಮ್ಮ ತಿರುಮಲೇಶ್ವರ ಇಲ್ಲಿ ಪೇಟೆಯ ಹೊರಗೆ ಮನೆ ಕಟ್ಟಿಸಿದ ಸುದ್ದಿ ನಿನಗೆ ತಲುಪಿರಬಹುದು. ಅವನ ಕೃಷಿ ಸಂಶೋಧನೆಯ ಆಫೀಸಿನಲ್ಲಿ ಅರ್ಧಕ್ಕರ್ಧ ಜನ ಉತ್ತರದವರು. ಒಕ್ಕಲಿಗೆ ಕರೆಯುವ ಕಾಗದ ಅಚ್ಚಾಗಿ ಬಂದ ದಿನ, "ಅಮ್ಮಾ, ಅವರಿಗೆ ಇದನ್ನು ಇಂಗ್ಲಿಷಿನಲ್ಲಿ ಕೊಡ್ಬೇಕು. ಭಾಷೆ ನನಗೆ ಬರ್ತದೆ, ಕ್ರಮ ಗೊತ್ತಿಲ್ಲ. ನೀನು ಹೇಳು, ನಾನು ಬರೀತೇನೆ" ಎಂದ. ಎರಡು ಸಾಲು ಬರೆದು ಓದಿದ. ನಾನು ಪೆನ್ನು ತೆಗೆದುಕೊಂಡೆ. ಹೈಸ್ಕೂಲಿನಲ್ಲಿ ಇಂಗ್ಲಿಷಿಗೆ ನನಗೆ ಬಿದ್ದಷ್ಟು ಅಂಕ ಅವನಿಗೆ ಯಾವತ್ತೂ ಬಿದ್ದಿಲ್ಲ.

ಅವನು ಮನೆ ಒಕ್ಕಲನ್ನು ಹೌಸ್ ವಾರ್ಮಿಂಗ್ ಎಂದು ಬರೆದು ನಿಲ್ಲಿಸಿದ್ದ. ಅಷ್ಟನ್ನೇ ಓದಿದವರು ಸಂಜೆ ಆರಕ್ಕೆ ಬಾಟಲಿ ಹಿಡಿದುಕೊಂಡು ಬಂದಾರು ಎಂದು ಅವನೇ ನಕ್ಕ. ಆ ಪದವನ್ನು ತಲೆಬರಹಕ್ಕೆ ಬಿಟ್ಟು, ಹೊಸ ಮನೆಯೊಳಗೆ ಮೊದಲು ದೇವರು, ದೀಪ, ನೀರು ಹೋಗಿ ಆಮೇಲೆ ಮನುಷ್ಯರು ಹೋಗುವ ಕ್ರಮ ಇದು ಎಂದು ಕೆಳಗೆ ಬರೆದೆ. ಕ್ರೋಧಿ ಸಂವತ್ಸರ, ಮೇಷ ಮಾಸ ಎಂದರೆ ಅವರಿಗೇನು ತಿಳಿಯುತ್ತದೆ? ಏಪ್ರಿಲ್ ಇಪ್ಪತ್ತನಾಲ್ಕು, ಶುಕ್ರವಾರ ಎಂದು ಹಾಕಿದೆ. ಮುಹೂರ್ತ ಉದಯಾದಿ ನಾಲ್ಕು ಘಳಿಗೆಗೆ, ವೃಷಭ ಲಗ್ನದಲ್ಲಿ. ಘಳಿಗೆಗೆ ಇಪ್ಪತ್ತನಾಲ್ಕು ನಿಮಿಷ, ಸೂರ್ಯೋದಯ ಆರು ಗಂಟೆ ಹದಿನಾಲ್ಕಕ್ಕೆ, ಕೂಡಿಸಿದರೆ ಏಳು ಐವತ್ತು. "ಎಂಟು ಅಂತ ಹಾಕಿಬಿಡುವ" ಎಂದ ನಿನ್ನ ತಮ್ಮ. ಎಂಟು ಎಂದರೆ ಆಫೀಸಿನವರು ಎಂಟೂಕಾಲಿಗೆ ಬರುತ್ತಾರೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಏಳೂವರೆಗೆ ಅಂಗಳದಲ್ಲಿರಬೇಕು ಎಂದೇ ಬರೆದೆ.

ಸಕುಟುಂಬ ಸಪರಿವಾರ ಎಂಬುದನ್ನು ಅವನು ಬಿಟ್ಟಿದ್ದ. ಬಿಟ್ಟರೆ ಹೆಸರು ಬರೆದವರು ಮಾತ್ರ ಬರುತ್ತಾರೆ. ಮಕ್ಕಳು, ಮನೆಯಲ್ಲಿರುವ ಹಿರಿಯರು, ಬಂದಿಳಿದ ನೆಂಟರು ಎಲ್ಲರೂ ಎಂದು ಬಿಡಿಸಿ ಬರೆದೆ. ಹರಸಬೇಕು ಎಂಬುದಕ್ಕೆ ಅರ್ಧ ಗಂಟೆ ಹಿಡಿಯಿತು. ಅವನ ಜೊತೆಯ ಗುರುಬಚನ ಸಿಂಗನಿಗೆ ಇಪ್ಪತ್ತಾರು ವರ್ಷ. ನಾನು ಹೇಗೆ ಹರಸುವುದು ಎಂದು ಹಿಂಜರಿಯುವುದಿಲ್ಲವೇ? ಕೈಗೆ ಅಕ್ಷತೆ ಕೊಡುತ್ತೇವೆ, ಒಳ್ಳೆಯದಾಗಲಿ ಎಂದುಕೊಂಡು ಮೆಲ್ಲಗೆ ಹಾಕಿದರೆ ಸಾಕು, ವಯಸ್ಸು ನೋಡಬೇಕಾಗಿಲ್ಲ ಎಂದೆ. ಚಪ್ಪಲಿ ಮೆಟ್ಟಿಲ ಕೆಳಗೆ. ಹೊಸಿಲನ್ನು ತುಳಿಯದೆ ಬಲಗಾಲಿಟ್ಟು ದಾಟುವುದು. ಒಲೆಯ ಹಾಲು ಉಕ್ಕಿ ಚೆಲ್ಲಲೇಬೇಕು, ಯಾರೂ ಗಾಬರಿಯಿಂದ ಪಾತ್ರೆ ಇಳಿಸಬಾರದು. ಊಟಕ್ಕೆ ನೆಲದ ಮೇಲೆ ಪಂಕ್ತಿ, ಎಲೆಯ ತುದಿ ಎಡಕ್ಕೆ, ಎಲ್ಲರದೂ ಮುಗಿಯುವ ತನಕ ಏಳಬಾರದು. ಹೊರಡುವಾಗ ಹೋಗುತ್ತೇವೆ ಎನ್ನದೆ ಬರುತ್ತೇವೆ ಎನ್ನುವುದು. ನಾಲ್ಕು ಸಾಲಿನ ಕಾಗದ ಎರಡು ಪುಟವಾಯಿತು. ಆಫೀಸಿನ ಟೈಪಿಸ್ಟ್ ಕಾರ್ಬನ್ ಹಾಕಿ ಆರು ಪ್ರತಿ ಮಾಡಿದ.

ಈ ಭರದಲ್ಲಿ ಒಂದು ಸಾಲು ಹೇಗೋ ಸೇರಿಬಿಟ್ಟಿತು. ತುಂಬಿದ ಕೊಡ ಹಿಡಿದು ಎಲ್ಲರಿಗಿಂತ ಮುಂದೆ ಹೊಸಿಲು ದಾಟುವವಳು ಯಜಮಾನನ ಒಡಹುಟ್ಟಿದವಳು, ಅವಳ ಹಿಂದೆ ದೀಪ ಹಿಡಿದ ಹೆಂಡತಿ ಎಂದು. ಹಾಗೆ ಮಾಡುವುದೇ ನಮ್ಮ ಮನೆತನದ ಕ್ರಮ, ನಿನಗೆ ಗೊತ್ತು.

ನಿನ್ನನ್ನು ಕರೆದಿರಲಿಲ್ಲ. ಯಾರ್ಯಾರಿಗೆ ಹೇಳಿಕೆ ಎಂದು ಪಟ್ಟಿ ಮಾಡಿದವಳು ನಾನು. ಜಾತಿ ಬಿಟ್ಟು ಅಚ್ಚುತ ಮಾಸ್ಟರರನ್ನು ಮದುವೆಯಾದವಳ ಹೆಸರನ್ನು ನಾನು ಎತ್ತಲಿಲ್ಲ, ತಿರುಮಲೇಶ್ವರ ಕೇಳಲಿಲ್ಲ. ನೆಂಟರಿಗೆ ಅದೆಲ್ಲ ಹೇಳದೆಯೇ ತಿಳಿಯುತ್ತದೆ. ಆಫೀಸಿನವರಿಗೆ ಕಾಗದದಲ್ಲಿದ್ದಷ್ಟೇ ಗೊತ್ತು.

ಏಳೂವರೆಗೆ ಸರಿಯಾಗಿ ಬಂದವರು ಅವರು ಮಾತ್ರ. ಒಬ್ಬೊಬ್ಬರ ಕೈಯಲ್ಲೂ ಆ ಎರಡು ಪುಟ. ಹಸುವನ್ನೂ ಕರುವನ್ನೂ ಒಳಗೆ ಹೊಡೆದು ಆಯಿತು. ನಿನ್ನ ತಮ್ಮನ ಹೆಂಡತಿ ಶಂಕರಿ ದೀಪ ಹಿಡಿದು ನಿಂತಳು. ಆಗ ಸೇನ್ ಅವರ ಹೆಂಡತಿ, ಬಂಗಾಳದವಳು, ಕನ್ನಡಕ ಏರಿಸಿ ಕಾಗದ ನೋಡಿ, ಕೊಡದ ಹತ್ತಿರ ಹೋಗಿ, ಸಿಸ್ಟರ್ ಎಲ್ಲಿ ಎಂದು ಕೇಳಿದಳು. ನೆಂಟರೆಲ್ಲ ತಲೆಯೆತ್ತಿ ಬಾಗಿಲ ತೋರಣ ನೋಡತೊಡಗಿದರು. ಅವಳು ಕೇಳಿಸಲಿಲ್ಲವೆಂದುಕೊಂಡು ಇನ್ನೂ ಗಟ್ಟಿಯಾಗಿ ಕೇಳಿದಳು. ಪುರೋಹಿತ ಪರಮೇಶ್ವರ ಭಟ್ಟರು ನನ್ನ ಕಡೆ ತಿರುಗಿ, "ಎಂತ ಮಾಡುದು ಗೋದಾವರಿಯಕ್ಕ? ಮುಹೂರ್ತ ಮೀರ್ತದೆ" ಎಂದರು.

ಅವಳಿಗೆ ಜ್ವರ, ಬರಲಾಗಲಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಜೀವಮಾನದಲ್ಲಿ ಹೊಸಿಲ ಮುಂದೆ ನಿಂತು ಸುಳ್ಳು ಹೇಳಿದವಳಲ್ಲ. ಬೆಟ್ಟಂಪಾಡಿಯ ನಿನ್ನ ಸೋದರತ್ತೆಗೆ ಅಷ್ಟು ಇಂಗ್ಲಿಷ್ ತಿಳಿಯುತ್ತದೆ. "ಜ್ವರವಾ ಅತ್ತಿಗೆ? ಆರು ವರ್ಷದಿಂದ ಬಿಡ್ಲೇ ಇಲ್ವಾ?" ಎಂದಳು, ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ. ಕೊನೆಗೆ ಕೊಡ ಹಿಡಿದದ್ದು ಅವಳ ಮಗಳು. ನಿನ್ನ ಅಪ್ಪ ಹೋದ ಮೇಲೆ ಅಂಥದ್ದನ್ನು ನಾನು ಮುಟ್ಟುವಂತಿಲ್ಲವಲ್ಲ. ಹಾಲು ಉಕ್ಕಿತು. ಇಳಿಸಲು ಓಡಿದ ಅಡುಗೆಯವನ ಕೈಯನ್ನು ಸಿಂಗ್ ಹಿಡಿದು ನಿಲ್ಲಿಸಿದ, ಅಷ್ಟು ಚೆನ್ನಾಗಿ ಓದಿಕೊಂಡು ಬಂದಿದ್ದ.

ಅಲ್ಲಿಗೆ ಮುಗಿಯಬೇಕಿತ್ತು. ಊಟದ ಮೇಲೆ ಸೇನ್ ದಂಪತಿ ನನ್ನ ಹತ್ತಿರ ಬಂದರು. ಇಷ್ಟು ಮುಖ್ಯವಾದವಳು ಕಾಯಿಲೆಯಲ್ಲಿ ಮಲಗಿರುವಾಗ ನಾವು ಪಾಯಸ ಉಂಡು ಹೋಗುವುದು ಸರಿಯಲ್ಲ, ಆದಿತ್ಯವಾರ ಮಡಿಕೇರಿ ನೋಡಲು ಜೀಪಿನಲ್ಲಿ ಹೋಗುವವರಿದ್ದೇವೆ, ದಾರಿಯಲ್ಲಿ ಅವಳನ್ನು ನೋಡುತ್ತೇವೆ, ಕಿತ್ತಳೆ ತರುತ್ತೇವೆ ಎಂದರು. ನೀನು ಕಲ್ಲುಗುಂಡಿಯಲ್ಲಿರುವುದನ್ನು ಹೇಳಿದವನು ನಿನ್ನ ತಮ್ಮ. ಹೊರಡುವಾಗ ಅವರೆಲ್ಲ ಸಾಲಾಗಿ, ಬರುತ್ತೇವೆ ಎಂದೇ ಹೇಳಿ ಹೋದರು.

ಅವರಿಗೆ ನಿನ್ನ ಮನೆಯ ದಾರಿ ಗೊತ್ತಿಲ್ಲ. ತಿರುಮಲೇಶ್ವರನಿಗೆ ಗೊತ್ತುಂಟು ಎಂಬುದು ನನಗೆ ಈಗ ತಿಳಿಯಿತು. ಎರಡು ವರ್ಷದಿಂದ ಬಂದು ಹೋಗುತ್ತಿದ್ದಾನಂತೆ. ಅವನಿಗೆ ಆ ದಿನ ಕೆಲಸವಿದೆಯಂತೆ; ಕಣ್ಣು ತಪ್ಪಿಸಿ ಹೇಳಿದ. ಹಾಗಾಗಿ ಜೀಪಿನಲ್ಲಿ ನಾನು ಕೂರಬೇಕಾಗುತ್ತದೆ. ಹನ್ನೊಂದರ ಹೊತ್ತಿಗೆ ತಲುಪಬಹುದು. ನೀನು ಶಾಲು ಹೊದ್ದು ಒಂದು ಕಡೆ ಕೂತಿರು. ಜ್ವರ ಇಳಿಯಿತು ಎಂದರೆ ಸಾಕು, ಹೆಚ್ಚು ನಾಟಕ ಬೇಡ. ಅಚ್ಚುತ ಮಾಸ್ಟರರಿಗೂ ತಿಳಿಸು. ಅವರು ಮನೆಯಲ್ಲೇ ಇರಲಿ, ನನಗೋಸ್ಕರ ಹೊರಗೆ ಹೋಗುವುದು ಬೇಡ. ನಮಗೆ ಏನು ಕೊಡುವುದು ಎಂದು ಗೊಂದಲ ಮಾಡಿಕೊಳ್ಳಬೇಡ. ಅವರಿಗೆಲ್ಲ ಮಾಡಿದ ಕಾಫಿಯಲ್ಲೇ ನನಗೂ ಒಂದು ಲೋಟ ಹಾಕು, ಸಕ್ಕರೆ ಕಡಿಮೆ.

ಬರೆದು ಕೈ ಸೋತಿತು.

ನಿನ್ನ ಅಮ್ಮ,
ಗೋದಾವರಿ

ತಾ.ಕ.: ಕೊಡ ಹಿಡಿಯುವವಳ ಆ ಸಾಲು ಕನ್ನಡದ ಕಾಗದದಲ್ಲಿ ಇರಲಿಲ್ಲ. ಭರದಲ್ಲಿ ಸೇರಿದ್ದೂ ಅಲ್ಲ. ಟೈಪಿಗೆ ಕಳಿಸುವ ಮೊದಲು ತಿರುಮಲೇಶ್ವರ ಅದನ್ನು ಹೊಡೆದುಹಾಕಿದ್ದ. ನಾನೇ ಇನ್ನೊಮ್ಮೆ ಬರೆದೆ. ಇಂಗ್ಲಿಷಿನಲ್ಲಿದ್ದರೆ ನಮ್ಮವರು ಯಾರೂ ಓದುವುದಿಲ್ಲವಲ್ಲ, ಎಲ್ಲಾದರೂ ಒಂದು ಕಡೆ ಅದು ಬರೆದಿರಲಿ ಎಂದು ಕಂಡಿತು.